ಮುಂದಿನ ಶುಕ್ರವಾರಕ್ಕೆ ಎರಡರಷ್ಟು

ಬಸವಂತರಾಯ ದೇಶಮುಖರು ಊಟವಾದ ಮೇಲೆ ಕೈಯನ್ನು ಸರಿಯಾಗಿ ತೊಳೆಯುತ್ತಿರಲಿಲ್ಲ. ತಂಬಿಗೆಯ ನೀರನ್ನು ಬೆರಳ ತುದಿಗೆ ತಗುಲಿಸಿ, ಧೋತರದ ಅಂಚಿಗೆ ಒರೆಸಿ, ನೇರವಾಗಿ ಬಂದು ಚದುರಂಗದ ಹಾಸಿನ ಮುಂದೆ ಕೂಡುತ್ತಿದ್ದರು. ಅವರ ಕಡೆಯ ವಜೀರ, ಕುದುರೆ, ಆನೆ ಎಲ್ಲದಕ್ಕೂ ತುಪ್ಪದ ಜಿಡ್ಡು. ಅವರು ಕಡಿದ ಕಾಯಿಯನ್ನು ಎತ್ತಿ ಕೈಗೆ ಕೊಟ್ಟಾಗ ಗುರುಲಿಂಗಯ್ಯ ಮಾಸ್ತರರು ಅದನ್ನು ಎರಡು ಬೆರಳಲ್ಲಿ ಹಿಡಿದು ಬದಿಗಿಡುತ್ತಿದ್ದರು. ಎಂಟು ವರ್ಷದಿಂದ ಹೀಗೇ ನಡೆದಿತ್ತು.

ಗುರುಲಿಂಗಯ್ಯನವರು ಚಿತ್ತಾಪುರದ ಸರಕಾರಿ ಮದರಸಾದಲ್ಲಿ ಹಿಸಾಬು, ಅಂದರೆ ಲೆಕ್ಕ, ಕಲಿಸುತ್ತಿದ್ದರು. ನಿಜಾಮರ ರಾಜ್ಯದಲ್ಲಿ ಶಾಲೆಗಳಿಗೆ ಶುಕ್ರವಾರ ಸೂಟಿ. ಆ ದಿನ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ದಂಡೋತಿಯ ದಾರಿ ಹಿಡಿದು, ಕಾಗಿಣಾ ನದಿಯ ದಂಡೆಗುಂಟ ಎರಡು ಹರದಾರಿ ನಡೆದು ಬೆಣಕನಹಾಳದ ದೇಶಮುಖರ ದೊಡ್ಡ ಮನೆಗೆ, ವಾಡೆಗೆ, ಬರುತ್ತಿದ್ದರು. ಬರುವುದಕ್ಕೆ ಕಾರಣ ಎರಡು. ಆ ಸೀಮೆಯಲ್ಲಿ ಒಂದಿಷ್ಟು ತಲೆ ಓಡಿಸಿ ಆಡುವವರು ದೇಶಮುಖರೊಬ್ಬರೇ. ಎರಡನೆಯದು, ಮಾಸ್ತರರನ್ನು ಯಾವ ಊರಿಗೆ ವರ್ಗ ಮಾಡಬೇಕು, ಮಾಡಬಾರದು ಎಂಬ ವಿಷಯದಲ್ಲಿ ದೇಶಮುಖರ ಒಂದು ಚೀಟಿ ಗುಲ್ಬರ್ಗಾದವರೆಗೂ ನಡೆಯುತ್ತಿತ್ತು. ಎರಡನೆಯ ಕಾರಣವನ್ನು ಅವರು ತಮಗೆ ತಾವೂ ಹೇಳಿಕೊಳ್ಳುತ್ತಿರಲಿಲ್ಲ.

ಅದು ಯುದ್ಧದ ಕಾಲ. ಜೋಳ ತುಟ್ಟಿಯಾಗಿತ್ತು, ತಿಂಗಳು ತಿಂಗಳಿಗೆ ಇನ್ನೂ ತುಟ್ಟಿಯಾಗುತ್ತಿತ್ತು. ಶಹಾಬಾದದ ಕಲ್ಲುಗಣಿಯ ಕೂಲಿ ಹೆಂಗಸರು ಅಷ್ಟು ದೂರದಿಂದ ನಡೆದು ಬಂದು ವಾಡೆಯ ಅಗಸೆ ಬಾಗಿಲಲ್ಲಿ ಸೆರಗು ಒಡ್ಡಿ ಕೂಡುತ್ತಿದ್ದರು. ರೊಕ್ಕ ಕೊಟ್ಟೇ ಕೊಳ್ಳಲು ಬಂದವರು. ದೇಶಮುಖರ ಆಳು ಅವರಿಗೆ, “ಈಗ ಕೊಡಂಗಿಲ್ಲ, ದೀಪಾವಳಿ ಆದ ಮ್ಯಾಲ ಬರ್ರಿ” ಎಂದು ಹೇಳಿ ಕಳಿಸುತ್ತಿದ್ದ. ವಾಡೆಯ ಹಿಂದೆ, ಕರಿ ಚಪ್ಪಡಿ ಹಾಸಿದ ಉದ್ದನೆಯ ಕೊಠಡಿಯಲ್ಲಿ, ಎಂಟು ನೂರು ಚೀಲ ಜೋಳ ಸೂರಿನವರೆಗೂ ಒಟ್ಟಿತ್ತು.

ಆ ವರ್ಷದ ಮೊದಲ ಮಳೆ ಬಿದ್ದ ಶುಕ್ರವಾರ ದೇಶಮುಖರು ತಮ್ಮ ಮೆಚ್ಚಿನ ಕಥೆಯನ್ನು ಮತ್ತೆ ಹೇಳಿದರು. ಚದುರಂಗ ಕಂಡುಹಿಡಿದ ಪಂಡಿತನೊಬ್ಬ ರಾಜನ ಮುಂದೆ ನಿಂತು, ಮೊದಲನೇ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಕು, ಹೀಗೆ ಅರವತ್ನಾಲ್ಕು ಮನೆಗೂ ಇಮ್ಮಡಿ ಮಾಡುತ್ತಾ ಕಾಳು ಕೊಡಿರೆಂದು ಬೇಡಿದ ಕಥೆ. ರಾಜ ನಕ್ಕು ಒಪ್ಪಿದ. ಕಣಜವೆಲ್ಲ ಬರಿದಾದರೂ ಅವನ ಮಾತು ತೀರಲಿಲ್ಲ.

“ಆ ರಾಜ ಎಂಥಾ ಹುಚ್ಚ ಅಂತೀನಿ,” ಎಂದು ದೇಶಮುಖರು ಹೊಟ್ಟೆ ಕುಲುಕಿಸಿ ನಕ್ಕರು. “ಒಪ್ಪೋ ಮುಂದ ಒಂದು ಗಳಿಗಿ ಕುಂತು ವಿಚಾರ ಮಾಡಬಾರದಾ.”

ಗುರುಲಿಂಗಯ್ಯನವರಿಗೆ ಅಂದು ಸುಮ್ಮನಿರಲಾಗಲಿಲ್ಲ. “ರಾಯರ, ನಿಮ್ಮ ಎಂಟು ನೂರು ಚೀಲ ಅದಾವಲ್ಲ. ಅವು ಎಷ್ಟು ಮನೀಗಿ ಸಾಲ್ತಾವ, ಹೇಳ್ರಿ ನೋಡೋಣ.”

ದೇಶಮುಖರು ಬಾಯಲ್ಲಿನ ಎಲೆ ಅಡಿಕೆಯನ್ನು ಆ ದವಡೆಯಿಂದ ಈ ದವಡೆಗೆ ಹೊರಳಿಸಿದರು. “ಪೂರಾ ಅರವತ್ನಾಲ್ಕಕ್ಕ ಸಾಲಂಗಿಲ್ಲ, ಗೊತ್ತದ. ಐವತ್ತು ಮನಿ ಅನ್ರಿ.”

“ಮೂವತ್ತೊಂದು.”

“ಮಸ್ಕಿರಿ ಮಾಡ್ತೀರೇನು?”

ಮಾಸ್ತರರು ನೆಲದ ಚಪ್ಪಡಿಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ತೋರಿಸಿದರು. ಮದರಸಾದಲ್ಲಿ ಹುಡುಗರಿಂದ ಕಾಳು ಎಣಿಸಿ, ತೂಗಿ, ಅವರು ಮೊದಲೇ ಲೆಕ್ಕ ಇಟ್ಟಿದ್ದರು. ಹದಿನಾರನೇ ಮನೆಯಲ್ಲಿ ಮೂವತ್ತೆರಡು ಸಾವಿರದ ಏಳುನೂರಾ ಅರವತ್ತೆಂಟು ಕಾಳು. ಜೋಳವಾದರೆ ಅದು ಹೆಚ್ಚು ಕಡಿಮೆ ಒಂದು ಸೇರು. ಅಲ್ಲಿವರೆಗೆ ಏನೂ ಅನ್ನಿಸುವುದಿಲ್ಲ, ಎರಡು ಸಾಲು ಮುಗಿದರೂ ಒಂದು ಮನೆಯ ಎರಡು ದಿನದ ರೊಟ್ಟಿಯ ಹಿಟ್ಟು. ಮುಂದಿನದು ಎರಡು ಸೇರು, ನಾಕು, ಎಂಟು. ಚೀಲಕ್ಕೆ ನೂರು ಸೇರಿನಂತೆ, ಇಪ್ಪತ್ನಾಲ್ಕನೇ ಮನೆಗೆ ಬಂದರೆ ಎರಡೂವರೆ ಚೀಲ. ಇಪ್ಪತ್ತೇಳಕ್ಕೆ ಇಪ್ಪತ್ತು ಚೀಲ. ಮೂವತ್ತೊಂದಕ್ಕೆ ಮುನ್ನೂರಾ ಇಪ್ಪತ್ತೆಂಟು. ಅಲ್ಲಿವರೆಗಿನದೆಲ್ಲ ಕೂಡಿಸಿದರೆ ಆರುನೂರಾ ಐವತ್ತೈದು.

“ಉಳಿದದ್ದು ನೂರಾ ನಲವತ್ತೈದು ಚೀಲ,” ಎಂದರು ಮಾಸ್ತರರು. “ಮೂವತ್ತೆರಡನೇ ಮನಿ ಒಂದಽ ಮತ್ತ ಆರುನೂರಾ ಐವತ್ತೈದು ಬೇಡ್ತದ. ಯಾವ ಮನಿ ತಗೋರಿ, ಅದರ ಹಿಂದಿನ ಎಲ್ಲಾ ಮನಿ ಕೂಡಿಸಿದರ ಎಷ್ಟು ಆಗ್ತದೋ, ಅದಕ್ಕಿಂತ ಒಂದು ಕಾಳು ಹೆಚ್ಚಽ ಅದರಾಗ ಇರ್ತದ. ಒಂದು, ಎರಡು, ನಾಕು ಕೂಡಿಸಿದ್ರ ಏಳು. ಮುಂದಿನ ಮನಿ ಎಂಟು. ಇದು ಕೊನೀತನಕ ತಪ್ಪಂಗಿಲ್ಲ. ಅದಕ್ಕಽ ನಮ್ಮ ಮನಸ್ಸು ಮೋಸ ಹೋಗ್ತದ ರಾಯರ. ಹಿಂದ ನಡದದ್ದು ನೋಡಿ ಮುಂದಿಂದು ಅಳೀತೀವಿ. ಮುಂದಿಂದು ಒಂದಽ ಹೆಜ್ಜಿ, ಹಿಂದಿನ ಎಲ್ಲಾ ಹೆಜ್ಜಿಗಿಂತ ದೊಡ್ಡದು.”

“ವಾಹ್,” ಎಂದರು ದೇಶಮುಖರು. ಈ ಲೆಕ್ಕ ಅವರಿಗೆ ಬಹಳ ಹಿಡಿಸಿತು. ಮುಂದೆ ಬಂದ ಅತಿಥಿಗಳಿಗೆಲ್ಲ ಕಥೆಯ ಜೊತೆ ಮೂವತ್ತೊಂದನೇ ಮನೆಯ ಮಾತನ್ನೂ ತಮ್ಮದೇ ಎಂಬಂತೆ ಸೇರಿಸಿ ಹೇಳತೊಡಗಿದರು.

ಅದೇ ದಿನ ಮಧ್ಯಾಹ್ನ ಪೀರಮ್ಮ ಬಂದಳು. ವಾಡೆಯಲ್ಲಿ ಕಾಳು ಕೇರುವ, ಜರಡಿ ಹಿಡಿಯುವ ಹನ್ನೆರಡು ಹೆಂಗಸರಿಗೆ ಅವಳೇ ಹಿರಿಯಳು. ಐವತ್ತರ ವಿಧವೆ, ಒಣಗಿದ ಕೈ, ಹದ್ದಿನ ಕಣ್ಣು. ಅಂಗಳದಲ್ಲಿ ನಿಂತು, “ಧಣೇರ, ಜ್ವಾಳದಾಗ ನುಸಿ ಬಿದ್ದಾವ” ಎಂದಳು.

“ಎಷ್ಟದಾವ?”

“ಒಂದು ಚೀಲ ಪೂರಾ ಜರಡಿ ಹಿಡದೆ. ಮೂರು ಸಿಕ್ಕವು.”

ದೇಶಮುಖರು ಮಾಸ್ತರರ ಕಡೆ ನೋಡಿ ಕಣ್ಣು ಹೊಡೆದರು. “ಚೀಲಕ್ಕ ಮೂರು. ಅವೂ ಎರಡು ತುತ್ತು ತಿನ್ಲಿ ಬಿಡು ಪೀರಮ್ಮ.”

ಮುಂದಿನ ಶುಕ್ರವಾರ ವಾಡೆಯಿಂದ ಹೊರಡುವಾಗ ಗುರುಲಿಂಗಯ್ಯನವರು ಹಿತ್ತಲಿನ ಕಡೆಯಿಂದ ಹಾದು, ಕೊಠಡಿಯ ಬಾಗಿಲಲ್ಲಿ ಜರಡಿ ಹಿಡಿದು ಕೂತಿದ್ದ ಪೀರಮ್ಮನನ್ನು, ಚೀಲಕ್ಕೆ ಈಗ ಎಷ್ಟು ನುಸಿ ಎಂದು, ಸುಮ್ಮನೆ ಕೇಳಿದರು. ಆರು ಎಂದಳು. ಅದರ ಮುಂದಿನ ವಾರ ಹದಿಮೂರು. ಆಮೇಲೆ ಇಪ್ಪತ್ತೈದು.

“ಮುಂದಿನ ಶುಕ್ರವಾರ ಐವತ್ತು ಇರ್ತಾವ,” ಎಂದರು ಮಾಸ್ತರರು.

“ನಿಮಗ ಹ್ಯಾಂಗ ಗೊತ್ತ್ರಿ ಅಯ್ಯನೋರ?”

“ಎಣಿಸಿ ನೋಡು. ನಾ ಹೇಳಿದ್ದು ಸುಳ್ಳಾದ್ರ ಬಿಡು.”

ಐವತ್ತೆರಡು ಇದ್ದವು. ಅದರಾಚೆಯ ವಾರ ನೂರಕ್ಕೆ ಒಂದೆರಡು ಕಡಿಮೆ. ಪೀರಮ್ಮ ಆ ದಿನ ಜರಡಿಯನ್ನು ಕೆಳಗಿಟ್ಟು ಮಾಸ್ತರರನ್ನು ದಿಟ್ಟಿಸಿ ನೋಡಿದಳು. ಆಮೇಲೆ ಒಂದು ಬೊಗಸೆ ಜೋಳ ತಂದು ನೀರಿನ ಬೋಗುಣಿಗೆ ಸುರಿದಳು. ಹೆಚ್ಚಿನ ಕಾಳು ಮುಳುಗಿದವು, ಹತ್ತು ಹನ್ನೆರಡು ತೇಲಿದವು. ತೇಲಿದ ಒಂದನ್ನು ಉಗುರಿನಿಂದ ಸೀಳಿದಳು. ಹೊರಗಿನಿಂದ ಗಟ್ಟಿಮುಟ್ಟಾಗಿ ಕಂಡ ಕಾಳಿನೊಳಗೆ ಅನ್ನದಗುಳಿನ ತುಣುಕಿನಂಥ ಬಿಳಿ ಮರಿಯೊಂದು ಸುರುಳಿಯಾಗಿ ಮಲಗಿತ್ತು. ಬೆಳಕು ಬಿದ್ದೊಡನೆ ಮಿಸುಕಿತು.

“ನಾ ಎಣಿಸೋದು ಹೊರಗ ಓಡ್ಯಾಡೋವಽ,” ಎಂದಳು ಪೀರಮ್ಮ. “ಒಳಗ ಇರೋವು ಲೆಕ್ಕಕ್ಕ ಬರಂಗಿಲ್ಲ. ಅಯ್ಯನೋರ, ಹಿಂಗಽ ಹೋದ್ರ ಎಲ್ಲೀತನಕ?”

ಅವರು ಬೆರಳು ಮಡಿಚಿದರು. ಒಂದು ಚೀಲಕ್ಕೆ ನೂರು. ಇನ್ನು ಹತ್ತು ವಾರಕ್ಕೆ ಹತ್ತು ಸಲ ಇಮ್ಮಡಿ. ಹತ್ತು ಸಲ ಇಮ್ಮಡಿಯಾದರೆ ಸಾವಿರದಷ್ಟು. ಚೀಲಕ್ಕೆ ಒಂದು ಲಕ್ಷ. ಪೀರಮ್ಮನಿಗೆ ಲಕ್ಷದ ಅಂದಾಜು ಸಿಗಲಾರದೆಂದು, “ಸೇರಿಗೆ ಸಾವಿರ” ಎಂದರು. “ನುಸಿಗೆ ಅರವತ್ನಾಲ್ಕು ಮನಿ ಬೇಕಾಗಿಲ್ಲ. ತಿನ್ನೋ ಕಾಳು ತೀರಿದ ಮ್ಯಾಲ ತಾವಽ ನಿಲ್ತಾವ. ಅಷ್ಟರಾಗ ಜ್ವಾಳ ಜ್ವಾಳ ಇರಂಗಿಲ್ಲ.”

ಪೀರಮ್ಮ ಜರಡಿಯನ್ನು ಮತ್ತೆ ಕೈಗೆ ತೆಗೆದುಕೊಂಡಳು. ಸೇರಿಗೆ ಸಾವಿರ ಎಂದರೆ ಏನೆಂದು ಅವಳ ಕೈಗೆ ಗೊತ್ತಿತ್ತು.

ಆ ದಿನವೇ ಮಾಸ್ತರರು ದೇಶಮುಖರ ಮುಂದೆ ವಿಷಯ ತೆಗೆದರು. ಈಗ ಮಾರಿದರೆ ಕಾಳು ಚೊಕ್ಕ ಇದೆ, ಅಗಸೆಯಲ್ಲಿ ಕೊಳ್ಳುವವರು ಕೂತಿದ್ದಾರೆ, ಮಳೆಗಾಲದಲ್ಲಿ ಬಿಸಿಲಿಗೆ ಹಾಕಲೂ ಬರುವುದಿಲ್ಲ ಎಂದರು. ದೇಶಮುಖರು ಕುದುರೆಯನ್ನು ಎತ್ತಿ ಹಿಡಿದೇ ಕೇಳಿದರು.

“ಚೀಲದಾಗ ಕಾಳು ಎಷ್ಟು ಇರ್ತಾವ ಮಾಸ್ತರರ?”

“ಮೂವತ್ತು ಲಕ್ಷದ ಮ್ಯಾಲ.”

“ಮೂವತ್ತು ಲಕ್ಷದಾಗ ನೂರು ನುಸಿ. ಇದಕ್ಕ ನಾ ಹೆದರಲೇನು? ಆರು ವಾರ ಆತು, ಏನು ಹಾಳಾಗ್ಯಾದ ಹೇಳ್ರಿ. ಇನ್ನಾರು ವಾರಕ್ಕ ಮತ್ತ ನೂರು ಆಗ್ತಾವ, ಆಗ್ಲಿ. ದೀಪಾವಳಿಗಿ ಧಾರಣಿ ಎಲ್ಲಿಗಿ ಹೋಗ್ತದ ಅನ್ನೋದು ನಿಮಗೇನು ಗೊತ್ತದ?”

“ಇನ್ನಾರು ವಾರಕ್ಕ ಮತ್ತ ನೂರಲ್ಲ ರಾಯರ. ಆರು ಸಾವಿರದ ಮ್ಯಾಲ. ನೀವಽ ಕಥಿ ಹೇಳ್ತೀರಲ್ಲ, ಆ ರಾಜ...”

“ಅದು ಕಥಿ,” ಎಂದರು ದೇಶಮುಖರು. “ನುಸಿಗೆ ಲೆಕ್ಕ ಬರ್ತದೇನು? ನೀವು ಆಡ್ರಿ.”

ಗುರುಲಿಂಗಯ್ಯನವರು ಆಡಿದರು. ಆಡಬಾರದಿತ್ತು ಎಂದು ಮುಂದೆ ಎಷ್ಟೋ ಸಲ ಅನಿಸಿತು. ಆ ದಿನ ಹಾಸನ್ನು ತಳ್ಳಿ ಎದ್ದು, ಇನ್ನೊಮ್ಮೆ, ಇನ್ನಷ್ಟು ಗಟ್ಟಿಯಾಗಿ ಹೇಳಬೇಕಿತ್ತು. ಬದಲಿಗೆ ಆನೆಯನ್ನು ಎರಡು ಮನೆ ಮುಂದೆ ಸರಿಸಿದರು. ಆಟವಾದ ಮೇಲೆ ಮತ್ತೆ ಹೋಳಿಗೆ, ತುಪ್ಪ ಬಂತು. ಉಂಡರು.

ಪೀರಮ್ಮ ಸುಮ್ಮನಿರಲಿಲ್ಲ. ಮರುವಾರ ಅವಳ ಎಣಿಕೆ ಇನ್ನೂರು ಮುಟ್ಟಿದ ದಿನ, ಹನ್ನೊಂದು ಹೆಂಗಸರನ್ನೂ ಹಿಂದೆ ಕಟ್ಟಿಕೊಂಡು ಅಂಗಳಕ್ಕೆ ಬಂದಳು. ಅವರ ಕೂಲಿ ಕಾಳಿನ ರೂಪದಲ್ಲೇ, ವರ್ಷಕ್ಕೊಮ್ಮೆ, ದೀಪಾವಳಿಗೆ. ಆಳಿಗೆ ಮೂರು ಚೀಲ.

“ಧಣೇರ, ದೀಪಾವಳೀಗಿ ಕೊಡೋ ಮೂರು ಚೀಲ ಬ್ಯಾಡ. ಈಗಽ ಎರಡು ಕೊಡ್ರಿ, ನಿಮ್ಮ ಋಣ ಹರೀತು.”

ದೇಶಮುಖರು ಮೊದಲು ಅನುಮಾನದಿಂದ ನೋಡಿದರು. ಆಮೇಲೆ ಅವರ ಮುಖ ಅರಳಿತು. ಹನ್ನೆರಡು ಚೀಲ ಉಳಿತಾಯ. “ಹಸಿದ ಜನ, ಕಾಯೋದು ಆಗಂಗಿಲ್ಲ,” ಎಂದು ಮಾಸ್ತರರ ಕಿವಿಯಲ್ಲಿ ಪಿಸುಗುಟ್ಟಿದರು. ಎಲೆ ಅಡಿಕೆಯ ಬೆಚ್ಚನೆಯ ವಾಸನೆ ಕೆನ್ನೆಗೆ ತಾಗಿತು. “ದಡ್ಡ ಜನ. ಮೂರರಾಗ ಒಂದು ಬಿಟ್ಟುಕೊಟ್ವು ನೋಡ್ರಿ.”

ಗುರುಲಿಂಗಯ್ಯನವರು ಕೆನ್ನೆ ಒರೆಸಿಕೊಂಡರು. ಹೆಂಗಸರು ಅಂದೇ ಇಪ್ಪತ್ನಾಲ್ಕು ಚೀಲ ಹೊತ್ತೊಯ್ದರು. ನಡುವೆ ಎರಡು ದಿನ ಬಿಸಿಲು ಬಿದ್ದಾಗ ಚಾಪೆಯ ಮೇಲೆ ತೆಳ್ಳಗೆ ಹರಡಿ ಒಣಗಿಸಿ, ಕೇರಿ, ಬೂದಿ ಕಲಸಿ, ಬೇವಿನೆಲೆ ಹಾಕಿ, ಮಡಕೆಗಳಿಗೆ ತುಂಬಿ ಬಾಯಿಗೆ ಸಗಣಿ ಮೆತ್ತಿದರು. ಸ್ವಲ್ಪ ಕಾಳಿಗೆ ಅಷ್ಟು ಮಾಡಬಹುದಿತ್ತು. ಎಂಟು ನೂರು ಚೀಲಕ್ಕೆ ಮಾಡುವ ಜನ ಎಲ್ಲಿ, ಅಷ್ಟು ಬಿಸಿಲಾದರೂ ಎಲ್ಲಿ.

ಆಮೇಲಿನ ವಾರದಿಂದ ಪೀರಮ್ಮ ಚೀಲ ಎಣಿಸುವುದನ್ನು ಬಿಟ್ಟು, ಹತ್ತು ಚೀಲದಿಂದ ಹಿಡಿ ಹಿಡಿ ತೆಗೆದು ಕಲಸಿ, ಒಂದು ಸೇರು ಮಾತ್ರ ಜರಡಿ ಹಿಡಿದಳು. ಸೇರಿಗೆ ನಾಕು. ಎಂಟು. ಹದಿನಾರು. ದೇಶಮುಖರು ಒಮ್ಮೆ ಕೊಠಡಿಗೆ ಬಂದು, ಬೊಗಸೆ ತುಂಬ ಜೋಳ ಎತ್ತಿ, ಮೂಗಿನ ಹತ್ತಿರ ಹಿಡಿದು, “ಚೊಕ್ಕ ಅದ” ಎಂದು ಹೋದರು. ಅವರ ಬೊಗಸೆಯಲ್ಲಿ ಒಂದೋ ಎರಡೋ ನುಸಿ ಇದ್ದಿರಬೇಕು. ಮೂವತ್ತೆರಡು. ಅರವತ್ತು ಚಿಲ್ಲರೆ. ನೂರಾ ಇಪ್ಪತ್ತೆಂಟು ಆದ ವಾರ ಕೊಠಡಿಯ ಬಾಗಿಲು ತೆಗೆದರೆ ಹಳಸಿದ ಹಿಟ್ಟಿನಂಥ ಬಿಸಿ ವಾಸನೆ ಬರತೊಡಗಿತ್ತು. ಆಗ ದೇಶಮುಖರಿಗೆ ಮೊದಲ ಸಲ ಕಾಳಜಿಯಾಯಿತು. ಊರಿನ ಜನರನ್ನೆಲ್ಲ ಹಿಡಿದು ತಂದು ಆರು ದಿನ ಜರಡಿ ಹಿಡಿಸಿದರು. ಅರ್ಧದಷ್ಟು ಚೀಲ ಮುಗಿಯಿತು. ಜರಡಿಯ ಕೆಳಗಿನ ನುಸಿಯನ್ನು ಬುಟ್ಟಿಗಟ್ಟಲೆ ಹೊತ್ತು ಕಾಗಿಣೆಗೆ ಚೆಲ್ಲಿದರು.

ಮುಂದಿನ ಶುಕ್ರವಾರ ಸೇರಿಗೆ ಮತ್ತೆ ನೂರಾ ಇಪ್ಪತ್ತೆಂಟರ ಸುಮಾರೇ ಇತ್ತು.

“ನೋಡ್ರಿ,” ಎಂದರು ದೇಶಮುಖರು. “ಏರಲಿಲ್ಲ. ನಿಮ್ಮ ಲೆಕ್ಕ ಸುಳ್ಳಾತು.”

“ಅರ್ಧ ತೆಗದ್ರಿ, ಒಂದು ವಾರ ಸಿಕ್ತು. ಅಷ್ಟಽ,” ಎಂದರು ಮಾಸ್ತರರು. “ಅರ್ಧ ಆದದ್ದು ಮತ್ತ ಇಮ್ಮಡಿ ಆಗಿ ಇದ್ದಲ್ಲೇ ಬಂದು ನಿಂತದ. ಆರು ದಿನ ಇಡೀ ಊರು ದುಡದದ್ದು ಒಂದು ಹೆಜ್ಜಿಗಿ. ಮುಂದಿನ ವಾರ ಇನ್ನೂರಾ ಐವತ್ತು ನೋಡ್ರಿ. ಈಗಾದ್ರೂ ಕೊಟ್ಟುಬಿಡ್ರಿ ರಾಯರ, ಕೇರಿಕೊಂಡು ತಿನ್ನೋವ್ರು ಇನ್ನೂ ಅದಾರ.”

“ಮೂರು ತಿಂಗಳದಾಗ ಆಗದ್ದು ಈಗ ಎರಡು ವಾರದಾಗ ಆಗ್ತದೇನು?” ದೇಶಮುಖರು ನಕ್ಕರು. ಹಲ್ಲಿನ ಸಂದಿಯ ಕೆಂಪು ಕಂಡಿತು. “ದೀಪಾವಳಿ ಹತ್ರ ಬಂತು.”

ಅಂದು ಅಗಸೆಯಲ್ಲಿ ಗುಂಡಮ್ಮ ಎಂಬ ಕಲ್ಲುಗಣಿಯ ಹೆಂಗಸು ಕಾಲುಂಗುರ ಬಿಚ್ಚಿ ಹಿಡಿದು ಕೂತಿದ್ದಳು, ಅದಕ್ಕೆ ಬಂದಷ್ಟು ಜೋಳ ಕೊಡಿ ಎಂದು. ಆಳು ಅವಳನ್ನು ಎಬ್ಬಿಸಿ ಕಳಿಸಿದ. ಮಾಸ್ತರರು ಅವಳ ಪಕ್ಕದಲ್ಲೇ ಹಾದು ಹೋದರು. ಹೊಟ್ಟೆಯಲ್ಲಿ ವಾಡೆಯ ಊಟ ಭಾರವಾಗಿ ಕೂತಿತ್ತು.

ಇನ್ನೂರಾ ಐವತ್ತು ಬಂತು. ಐನೂರು ಬಂತು. ಅದರ ಮುಂದಿನ ಶುಕ್ರವಾರ ಮಾಸ್ತರರು ವಾಡೆ ಸೇರುವಷ್ಟರಲ್ಲಿ ಅಂಗಳದ ಗೋಡೆ ಕಪ್ಪಗಾಗಿ ಅಲುಗುತ್ತಿತ್ತು. ಮೊದಲು ಮಳೆಯ ಪಾಚಿ ಎಂದುಕೊಂಡರು. ಹತ್ತಿರ ಹೋದರೆ ನುಸಿ. ಕೊಠಡಿ ಬಿಸಿಯಾಗಿದ್ದರಿಂದ ಹೊರಗೆ ಹೊರಟಿದ್ದವು. ಬಾಗಿಲ ಸಂದಿಯಿಂದ, ಕಿಟಕಿಯಿಂದ, ಸೂರಿನಿಂದ. ಹಾಸಿಗೆಯ ಮಡಿಕೆಯಲ್ಲಿ, ನೀರಿನ ಹಂಡೆಯಲ್ಲಿ, ದೇವರ ಜಗಲಿಯ ವಿಭೂತಿಯಲ್ಲಿ. ಒಂದು ನುಸಿ ಅವರ ಕುತ್ತಿಗೆಯ ಹಿಂದೆ ಸರಿದಾಡಿತು. ಕೊಠಡಿಯೊಳಗೆ ಕಾಲಿಟ್ಟರೆ ಸೂಕ್ಷ್ಮವಾಗಿ ಕರಕರ ಸದ್ದು, ಒಲೆಯ ಹತ್ತಿರ ನಿಂತಷ್ಟು ಕಾವು. ಪೀರಮ್ಮ ಒಂದು ಚೀಲದ ಹೊಲಿಗೆ ಬಿಚ್ಚಿದಳು. ಬಂದದ್ದು ಜೋಳವಲ್ಲ, ಬೂದು ಹುಡಿ. ಅದರ ನಡುವೆ ತೂತು ಬಿದ್ದ ಸಿಪ್ಪೆ, ಹುಡಿಯೆಲ್ಲ ಜೀವವಿದ್ದಂತೆ ಕದಲುತ್ತಿತ್ತು. ಗುರುಲಿಂಗಯ್ಯನವರು ಹೊರಗೆ ಓಡಿ ಬಂದು ಬೇಲಿಯ ಹತ್ತಿರ ಕಾರಿಕೊಂಡರು.

ದೇಶಮುಖರು ಅಂಗಳದ ನಡುವೆ ನಿಂತು ಎರಡೂ ಕೈಯಿಂದ ತೋಳು ಕೊಡವಿಕೊಳ್ಳುತ್ತಿದ್ದರು. “ಇದು ಮಾಡಿಸಿದ್ದು. ಯಾರೋ ಮಾಡಿಸ್ಯಾರ. ಎರಡು ವಾರದ ಹಿಂದ ಚಲೋ ಇತ್ತು, ನಾನಽ ಕೈಲೆ ಮುಟ್ಟಿ ನೋಡೀನಿ. ಮೂರು ತಿಂಗಳು ಏನೂ ಆಗದ್ದು ಎರಡು ವಾರದಾಗ ಹ್ಯಾಂಗ ಆತು? ಈ ಪೀರಮ್ಮ ತನ್ನ ಕೂಲಿ ಮೊದಲಽ ಯಾಕ ಒಯ್ದಳು? ಅಕೀಗಿ ಹ್ಯಾಂಗ ಗೊತ್ತಿತ್ತು?”

“ಆಕಿ ಎಣಿಸಿದಳು,” ಎಂದರು ಮಾಸ್ತರರು. ಬಾಯಿ ಇನ್ನೂ ಕಹಿಯಾಗಿತ್ತು. “ಹೋದ ವಾರ ಈಗಿನ ಅರ್ಧ ಇತ್ತು. ಅದರ ಹಿಂದಿನ ವಾರ ಕಾಲು ಭಾಗ. ಕಾಲು ಭಾಗ ಇದ್ದಾಗ ನಿಮ್ಮ ಕಣ್ಣಿಗಿ ಚಲೋ ಕಂಡಿತು. ಎಲ್ಲಾ ಹಾಳಾಗೋದು ಕೊನೀ ಎರಡು ಮೂರು ಹೆಜ್ಜಿಯೊಳಗಽ ಇರ್ತದ ರಾಯರ. ಮೂವತ್ತೊಂದನೇ ಮನಿ ಮಾತು ನೀವು ಊರೆಲ್ಲ ಹೇಳಿದ್ರಿ.”

ದೇಶಮುಖರು ಅವರನ್ನು ಹುಚ್ಚನನ್ನು ನೋಡುವಂತೆ ನೋಡಿದರು. ಅರ್ಥವಾಗಿರಲಿಲ್ಲ. ಅಷ್ಟು ಸಲ ಹೇಳಿದ ಕಥೆ, ಅಷ್ಟು ಸಲ ನಕ್ಕ ನಗೆ, ಎಲ್ಲವೂ ಆ ಹಾಸಿನ ಮೇಲೆಯೇ ಉಳಿದಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಮಾಸ್ತರರು ಒಂದು ನಷ್ಟದ ಸುದ್ದಿ ಎಂದು ಮರೆಯುತ್ತಿದ್ದರೇನೋ. ಎಂಟು ದಿನದ ಮೇಲೆ ಚಿತ್ತಾಪುರಕ್ಕೆ ಹೇಳಿಕೆ ಬಂತು: ಮಹಾನವಮಿಯ ದಿನ ವಾಡೆಯಲ್ಲಿ ಬಡವರಿಗೆ ದಾಸೋಹ, ಜಂಗಮರೆಲ್ಲ ಬರಬೇಕು. ಗುರುಲಿಂಗಯ್ಯನವರು ಜಂಗಮರು, ಹೋಗದೆ ಇರಲಾಗಲಿಲ್ಲ.

ಒಳಗಿನ ಪಡಸಾಲೆಯಲ್ಲಿ ಜಂಗಮರ ಪಂಕ್ತಿ. ಗೋಧಿ ಹುಗ್ಗಿ, ಹೊಸ ಅಕ್ಕಿಯ ಅನ್ನ, ವಾಡಿ ಸ್ಟೇಷನ್ನಿನಿಂದ ತರಿಸಿದ ಬೆಲ್ಲ. ಹೊರಗೆ ಅಂಗಳದಲ್ಲಿ ಕಲ್ಲುಗಣಿಯ ಜನ, ಕೂಲಿಯವರು, ನಾಕು ಊರಿನ ಹಸಿದವರು ಕೆಸರಿನ ಮೇಲೆ ಸಾಲಾಗಿ ಕೂತಿದ್ದರು. ಅವರ ಮುಂದೆ ರಾಶಿ ರಾಶಿ ಜೋಳದ ರೊಟ್ಟಿ. ಗುರುಲಿಂಗಯ್ಯನವರು ಕೈತೊಳೆಯಲು ಅಂಗಳಕ್ಕೆ ಬಂದವರು ಆ ರೊಟ್ಟಿಯ ಬಣ್ಣ ನೋಡಿ ನಿಂತರು. ಬೂದು ಬಣ್ಣ, ಮೇಲೆಲ್ಲ ಕಪ್ಪು ಚುಕ್ಕೆ. ಚುಕ್ಕೆಗಳಿಗೆ ಕಾಲುಗಳಿದ್ದವು. ಹುಡಿಯನ್ನು ಜರಡಿ ಕೂಡ ಹಿಡಿಯದೆ ಹಾಗೇ ಬೀಸಿ ಬಡಿದಿದ್ದರು.

ಗುಂಡಮ್ಮ ಸಾಲಿನಲ್ಲಿದ್ದಳು. ಒಂದು ಚೂರು ಮುರಿದು ಬಾಯಿಗಿಟ್ಟಳು, ಮುಖ ಕಿವುಚಿದಳು, ಆದರೂ ಅಗಿದಳು. ಪಕ್ಕದ ಮುದುಕ ಉಗುಳಿ, ಮತ್ತೆ ಸುತ್ತ ನೋಡಿ, ಇನ್ನೊಂದು ಚೂರು ಮುರಿದ.

ದೇಶಮುಖರು ಮೆಟ್ಟಿಲ ಮೇಲೆ ನಿಂತಿದ್ದರು. ಹಣೆ ತುಂಬ ವಿಭೂತಿ, ಹೊಸ ರೇಷ್ಮೆ ಧೋತರ. “ಎಂಟು ನೂರು ಚೀಲ, ಅಯ್ಯನೋರ,” ಎಂದು ಬಂದ ಜಂಗಮರಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. “ಬರಗಾಲದಾಗ ಎಂಟು ನೂರು ಚೀಲ ದಾಸೋಹಕ್ಕ ಬಿಟ್ಟೀನಿ. ಬಸವಣ್ಣ ಕೊಟ್ಟ ಬುದ್ಧಿ.” ಅವರ ಕೈ ಗುರುಲಿಂಗಯ್ಯನವರ ಭುಜದ ಮೇಲೆ ಬಿತ್ತು. ಬೆವೆತ, ಮೆತ್ತನೆಯ ಕೈ. “ನಡೀರಿ, ನಿಮ್ಮ ಎಲಿ ಹಾಕ್ಯಾದ.”

ಗುರುಲಿಂಗಯ್ಯನವರು ಆ ಕೈಯನ್ನು ಎತ್ತಿ ಕೆಳಗೆ ಬಿಟ್ಟರು. ಸಾಲಿನಿಂದ ಒಂದು ರೊಟ್ಟಿ ತೆಗೆದುಕೊಂಡು ಮೆಟ್ಟಿಲು ಹತ್ತಿ ಬಂದು ದೇಶಮುಖರ ಮುಂದೆ ಹಿಡಿದರು.

“ಇದು ಮೊದಲು ನೀವು ತಿನ್ರಿ.”

ಅಂಗಳದ ಜನ ತಲೆ ಎತ್ತಿ ನೋಡಿದರು. ಒಳಗಿನ ಜಂಗಮರು ಬಾಗಿಲಿಗೆ ಬಂದು ನಿಂತರು.

“ಮಾಸ್ತರರ, ಹಬ್ಬದ ದಿನ...”

“ಬಸವಣ್ಣನ ಹೆಸರು ತಗೊಂಡ್ರಿ. ದಾಸೋಹದಾಗ ಒಳಗೊಂದು ಹೊರಗೊಂದು ಇರಂಗಿಲ್ಲ. ಒಂದು ತುತ್ತು ತಿನ್ರಿ, ನಾನೂ ತಿಂತೀನಿ.”

ದೇಶಮುಖರು ರೊಟ್ಟಿಯನ್ನು ನೋಡಿದರು. ಅವರ ಕೆಳತುಟಿ ಅಸಹ್ಯದಿಂದ ಕೆಳಗೆ ಜೋಲಿತು. ಮುಖ ತಿರುಗಿಸಿದರು. ಅಷ್ಟು ಸಾಕಾಗಿತ್ತು, ಅಂಗಳದ ಜನ ಅದನ್ನು ಕಂಡರು. ಗುಂಡಮ್ಮ ಬಾಯಲ್ಲಿದ್ದುದನ್ನು ನೆಲಕ್ಕೆ ಉಗುಳಿ ಎದ್ದಳು. ಮುದುಕ ಎದ್ದ. ರೊಟ್ಟಿಗಳನ್ನು ಇದ್ದಲ್ಲೇ ಬಿಟ್ಟು ಒಬ್ಬೊಬ್ಬರಾಗಿ ಅಗಸೆ ದಾಟಿದರು. ಕೆಲವರು ಎದ್ದವರು ಮತ್ತೆ ಬಗ್ಗಿ ಒಂದೆರಡು ರೊಟ್ಟಿಯನ್ನು ಸೆರಗಿಗೆ ಹಾಕಿಕೊಂಡು ಹೋದರು. ಹಸಿವು ಅಷ್ಟಿತ್ತು. ಮಾಸ್ತರರಿಗೆ ಅದನ್ನು ನೋಡುವುದು ಎಲ್ಲಕ್ಕಿಂತ ಕಷ್ಟವಾಯಿತು.

ಅವರೂ ಎಲೆಗೆ ಕೂಡದೆ ಹೊರಬಿದ್ದರು. ಊರ ಹೊರಗೆ ಪೀರಮ್ಮ ಸಿಕ್ಕಳು. ಅವಳ ಗುಡಿಸಲ ಮುಂದೆ ಹನ್ನೆರಡು ಹೆಂಗಸರೂ ಬೀಸುಕಲ್ಲು ಇಟ್ಟುಕೊಂಡು, ತಂತಮ್ಮ ಮಡಕೆಯಿಂದ ಸ್ವಲ್ಪ ಸ್ವಲ್ಪ ತೆಗೆದು ಬೀಸುತ್ತಿದ್ದರು. ಗಣಿಗೆ ಮರಳುವ ಜನರಲ್ಲಿ ಮಕ್ಕಳಿದ್ದವರನ್ನು ಕರೆದು ಕೂಡಿಸಿಕೊಂಡಿದ್ದರು.

“ಅಯ್ಯನೋರ, ಕುಂದ್ರಿ. ಚೊಕ್ಕ ಜ್ವಾಳದ ಹಿಟ್ಟು,” ಎಂದಳು.

“ನನಗ ಬ್ಯಾಡ ಪೀರಮ್ಮ. ನಾ ಆ ಮನಿ ತುಪ್ಪ ಎಂಟು ವರ್ಷ ಉಂಡೀನಿ. ಲೆಕ್ಕ ಗೊತ್ತಿದ್ದೂ ಎದುರಿಗಿ ಕುಂತು ಆಟ ಆಡೀನಿ.”

ಪೀರಮ್ಮ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ಹೌದ್ರಿ,” ಎಂದಳು. ಸಮಾಧಾನದ ಮಾತು ಹೇಳಲಿಲ್ಲ. “ಆ ಲೆಕ್ಕ ನಮಗೂ ಹೇಳೀರಿ. ಅದೂ ಖರೇನ. ನೀರಾದ್ರೂ ಕುಡದು ಹೋಗ್ರಿ.”

ಅವರು ನೀರು ಕುಡಿದರು. ಕಾಗಿಣೆಯ ದಂಡೆಯಲ್ಲಿ ಕೂತು, ದೇಶಮುಖರ ಕೈ ಬಿದ್ದಿದ್ದ ಭುಜವನ್ನು ತಿಕ್ಕಿ ತಿಕ್ಕಿ ತೊಳೆದರು.

ಒಂದು ತಿಂಗಳೊಳಗೆ ಚಿಂಚೋಳಿಗೆ ವರ್ಗದ ಹುಕುಂ ಬಂತು. ಗುಡ್ಡಗಾಡಿನ ಊರು, ಮಳೆಗಾಲದಲ್ಲಿ ದಾರಿಯೇ ಇಲ್ಲ. ಹೋದರು. ಅಲ್ಲಿ ಆಟಕ್ಕೆ ಕರೆದವರಿದ್ದರು; ಬರುವುದಿಲ್ಲ ಎಂದರು. ಮದರಸಾದ ಹಿಸಾಬಿನ ತರಗತಿಯಲ್ಲಿ ಇಮ್ಮಡಿಯ ಪಾಠ ಬಂದಾಗ ಅವರು ರಾಜನ ಕಥೆ ಹೇಳಿ ನಗಿಸುವುದನ್ನು ಬಿಟ್ಟರು. ಹುಡುಗರ ಕೈಗೆ ಕಾಳು ಕೊಟ್ಟು, ದಿನಕ್ಕೊಂದು ಮನೆಯಂತೆ, ತಾವೇ ಎಣಿಸಿ ಇಡಲು ಹೇಳುತ್ತಿದ್ದರು. ಹತ್ತನೆಯ ದಿನಕ್ಕೆ ಬೇಸರ ಬಂದು, ಹದಿಮೂರನೆಯ ದಿನಕ್ಕೆ ಹುಡುಗರ ಮುಖದ ಮೇಲಿನ ನಗೆ ತಾನೇ ಇಳಿಯುತ್ತಿತ್ತು.

ಮನೆಯಲ್ಲಿ ಊಟಕ್ಕೆ ಕೂತಾಗ ರೊಟ್ಟಿಯನ್ನು ಮುರಿದು ಬೆಳಕಿಗೆ ಹಿಡಿದು ನೋಡದೆ ಬಾಯಿಗಿಡಲು ಅವರಿಗೆ ಬಹಳ ವರ್ಷಗಳವರೆಗೆ ಆಗಲಿಲ್ಲ. ಹೆಂಡತಿ ಲಲಿತಾಬಾಯಿ ಮೊದಮೊದಲು ಸಿಟ್ಟಾಗುತ್ತಿದ್ದಳು, ತಾನು ಕೇರಿದ ಕಾಳಿನ ಮೇಲೆ ನಂಬಿಕೆಯಿಲ್ಲವೇ ಎಂದು. ಆಮೇಲೆ ಕೇಳುವುದನ್ನು ಬಿಟ್ಟು, ದೀಪವನ್ನು ಅವರ ತಾಟಿನ ಹತ್ತಿರಕ್ಕೆ ಸರಿಸಿ ಇಡತೊಡಗಿದಳು.